ತೈಲ ಅವರದ್ದು, ದುಡ್ಡು ನಮ್ಮದು, ಮಧ್ಯದಲ್ಲಿ ಡಾಲರ್ ಯಾಕೆ?

1/9 🛢️ ಎರಡು ತಿಂಗಳು, ಎರಡು ಲೆಕ್ಕ

ಒಂದು ಸಣ್ಣ ಗುಣಾಕಾರದಿಂದ ಶುರು ಮಾಡೋಣ. ಮೊಬೈಲ್‌ನಲ್ಲಿ ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ.

2008ರ ಜುಲೈ. ಭಾರತ ಕೊಳ್ಳುವ ಕಚ್ಚಾ ತೈಲದ ಆ ತಿಂಗಳ ಸರಾಸರಿ ಬೆಲೆ ಬ್ಯಾರೆಲ್‌ಗೆ ಸುಮಾರು 132 ಡಾಲರ್. ಆಗ ಒಂದು ಡಾಲರ್‌ಗೆ ಸುಮಾರು 43 ರೂಪಾಯಿ. ಅಂದ್ರೆ ಒಂದು ಬ್ಯಾರೆಲ್‌ಗೆ ನಾವು ಕೊಟ್ಟಿದ್ದು ಸುಮಾರು 5,700 ರೂಪಾಯಿ.

2022ರ ಜೂನ್. ಉಕ್ರೇನ್ ಯುದ್ಧ ಶುರುವಾಗಿ ನಾಲ್ಕು ತಿಂಗಳು. ಸರಾಸರಿ ಬೆಲೆ ಸುಮಾರು 116 ಡಾಲರ್. ಒಂದು ಡಾಲರ್‌ಗೆ ಸುಮಾರು 78 ರೂಪಾಯಿ. ಗುಣಿಸಿ ನೋಡಿ: ಬ್ಯಾರೆಲ್‌ಗೆ 9,000 ರೂಪಾಯಿ ದಾಟುತ್ತೆ.

ಈಗ ಹೇಳಿ, ತೈಲ ಯಾವಾಗ ದುಬಾರಿಯಾಗಿತ್ತು?

ಅಮೆರಿಕದವನನ್ನು ಕೇಳಿದ್ರೆ 2008 ಅಂತಾನೆ. ನಮ್ಮನ್ನು ಕೇಳಿದ್ರೆ 2022. ಇಬ್ಬರೂ ಹೇಳೋದು ನಿಜ. ತೈಲ ಒಂದೇ, ಬಾವಿ ಒಂದೇ, ಅದೇ 159 ಲೀಟರ್‌ನ ಬ್ಯಾರೆಲ್. ಡಾಲರ್‌ನಲ್ಲಿ ಬೆಲೆ ಇಳಿದಿದ್ರೂ ರೂಪಾಯಿಯಲ್ಲಿ ಅದು ಒಂದೂವರೆ ಪಟ್ಟಿಗಿಂತ ಹೆಚ್ಚಾಗಿತ್ತು.

ಪೆಟ್ರೋಲ್ ಬಂಕ್‌ನ ಬೋರ್ಡ್ ಮೇಲಿನ ದರಕ್ಕೆ ತೆರಿಗೆ, ಸಬ್ಸಿಡಿ, ಸರ್ಕಾರದ ನಿರ್ಧಾರ ಎಲ್ಲವೂ ಸೇರಿರುತ್ತೆ. ಅದು ಬೇರೆ ಕಥೆ. ನಾನಿಲ್ಲಿ ಹೇಳ್ತಿರೋದು ಹಡಗಿನಲ್ಲಿ ಬರುವ ಕಚ್ಚಾ ತೈಲಕ್ಕೆ ದೇಶ ತೆರುವ ಬೆಲೆಯ ಬಗ್ಗೆ.

ತೈಲ ಕೊಡೋದು ಇರಾಕ್, ಸೌದಿ, ರಷ್ಯಾ. ಕೊಳ್ಳೋದು ಭಾರತ. ಈ ವ್ಯಾಪಾರದಲ್ಲಿ ಅಮೆರಿಕ ಎಲ್ಲಿಯೂ ಇಲ್ಲ. ಆದರೂ ಬೆಲೆ ಅಮೆರಿಕದ ನೋಟಿನಲ್ಲಿ. ಯಾಕೆ? ಇದಕ್ಕೆ ವಾಟ್ಸಾಪ್‌ನಲ್ಲಿ ಓಡಾಡುವ ಉತ್ತರ "ಒಂದು ರಹಸ್ಯ ಒಪ್ಪಂದ". ನಿಜವಾದ ಉತ್ತರ ಇನ್ನೂ ಸ್ವಾರಸ್ಯವಾಗಿದೆ. ಅದು ಶುರುವಾಗೋದು ನಮ್ಮದೇ ರೂಪಾಯಿಯಿಂದ.

👉 ಮುಂದಿನ ಪೋಸ್ಟ್

2/9 💴 ಕುವೈತ್‌ನಲ್ಲಿ ಓಡುತ್ತಿದ್ದ ರೂಪಾಯಿ

ಇದನ್ನು ಕೇಳಿ ತುಂಬಾ ಜನ ನಂಬೋದಿಲ್ಲ. 1950ರ ದಶಕದಲ್ಲಿ ಕುವೈತ್, ಬಹ್ರೇನ್, ಕತಾರ್, ದುಬೈನಲ್ಲಿ ಸಂತೆಗೆ ಹೋದ್ರೆ ಕೈಯಲ್ಲಿ ಇರ್ತಿದ್ದ ನೋಟು ಭಾರತದ ರೂಪಾಯಿ. ಬ್ರಿಟಿಷರ ಕಾಲದಲ್ಲಿ ಆ ಕೊಲ್ಲಿಯ ವ್ಯಾಪಾರ ಮುಂಬೈ ಕಡೆಗೇ ಮುಖ ಮಾಡಿತ್ತು. ಮುತ್ತು ಅಲ್ಲಿಂದ ಬರ್ತಿತ್ತು, ಅಕ್ಕಿ, ಬಟ್ಟೆ, ಮರ ಇಲ್ಲಿಂದ ಹೋಗ್ತಿತ್ತು. ಸ್ವಾತಂತ್ರ್ಯ ಬಂದ ಮೇಲೂ ಆ ಚಲಾವಣೆ ಮುಂದುವರಿಯಿತು.

ತೊಂದರೆ ಬಂದದ್ದು ಚಿನ್ನದಿಂದ. ಭಾರತದಲ್ಲಿ ಚಿನ್ನದ ಆಮದಿಗೆ ನಿರ್ಬಂಧ ಇತ್ತು, ಹೊರಗಿಗಿಂತ ಇಲ್ಲಿ ಬೆಲೆ ಜಾಸ್ತಿ. ಕಳ್ಳಸಾಗಣೆದಾರರು ರೂಪಾಯಿ ನೋಟನ್ನು ಕೊಲ್ಲಿಗೆ ಒಯ್ದು, ಅಲ್ಲಿ ಚಿನ್ನ ಕೊಂಡು, ದೋಣಿಯಲ್ಲಿ ತಂದು ಇಲ್ಲಿ ಮಾರ್ತಿದ್ರು. ಅಲ್ಲಿ ಉಳಿದ ರೂಪಾಯಿ ಬ್ಯಾಂಕುಗಳ ಮೂಲಕ ತಿರುಗಿ ರಿಸರ್ವ್ ಬ್ಯಾಂಕಿಗೆ ಬರ್ತಿತ್ತು. "ಇದಕ್ಕೆ ಬ್ರಿಟಿಷ್ ಪೌಂಡ್ ಕೊಡಿ" ಅಂದ್ರೆ ಕೊಡಲೇಬೇಕಿತ್ತು. ಹೀಗೆ ನಮ್ಮ ವಿದೇಶಿ ವಿನಿಮಯ ಸೋರಿ ಹೋಗ್ತಿತ್ತು.

1959ರಲ್ಲಿ ಸರ್ಕಾರ ಒಂದು ಉಪಾಯ ಮಾಡ್ತು. ಕೊಲ್ಲಿಗೆಂದೇ ಬೇರೆ ಬಣ್ಣದ ನೋಟು ಮುದ್ರಿಸಿತು. ಅದರ ಸಂಖ್ಯೆಯ ಮೊದಲಿಗೆ ಇಂಗ್ಲಿಷಿನ "ಝೆಡ್" ಅಕ್ಷರ. ಆ ನೋಟು ಭಾರತದೊಳಗೆ ನಡೆಯುತ್ತಿರಲಿಲ್ಲ. ಜನ ಅದನ್ನು ಗಲ್ಫ್ ರೂಪಾಯಿ ಅಂತ ಕರೆದರು.

ಅದು ಹೆಚ್ಚು ದಿನ ಬಾಳಲಿಲ್ಲ. 1961ರಲ್ಲಿ ಕುವೈತ್ ತನ್ನದೇ ದಿನಾರ್ ತಂದಿತು, 1965ರಲ್ಲಿ ಬಹ್ರೇನ್. 1966ರ ಜೂನ್ 6ರಂದು ಭಾರತ ರೂಪಾಯಿಯ ಬೆಲೆ ಇಳಿಸಿತು. ಡಾಲರ್‌ಗೆ 4.76 ಇದ್ದದ್ದು ಒಂದೇ ಏಟಿಗೆ 7.50 ಆಯಿತು. ಪೆಟ್ಟಿಗೆಯಲ್ಲಿ ರೂಪಾಯಿ ಇಟ್ಟುಕೊಂಡಿದ್ದ ಕತಾರ್‌ನ, ದುಬೈನ ವ್ಯಾಪಾರಿಗೆ ರಾತ್ರೋರಾತ್ರಿ ನಷ್ಟ. ಉಳಿದವರೂ ಒಬ್ಬೊಬ್ಬರಾಗಿ ಕೈಬಿಟ್ಟರು.

ಇಲ್ಲೊಂದು ಅಂಶ ಗಮನಿಸಿ. ರೂಪಾಯಿ ಅಲ್ಲಿನ ಸಂತೆಯ ದುಡ್ಡಾಗಿದ್ದ ಕಾಲದಲ್ಲೂ ತೈಲದ ಬೆಲೆ ರೂಪಾಯಿಯಲ್ಲಿ ಇರಲಿಲ್ಲ. ಜೇಬಿನ ದುಡ್ಡೇ ಬೇರೆ, ತೈಲದ ಬೆಲೆಪಟ್ಟಿಯೇ ಬೇರೆ. ಆ ಬೆಲೆಪಟ್ಟಿ ಬರೆದವರು ಯಾರು?

👉 ಉತ್ತರ ಟೆಕ್ಸಾಸ್‌ನಲ್ಲಿದೆ

3/9 🤠 ಎಲ್ಲ ತೈಲವೂ ಟೆಕ್ಸಾಸ್‌ನಿಂದ ಬಂದಂತೆ ಲೆಕ್ಕ

ಇವತ್ತು ತೈಲ ಅಂದ ಕೂಡಲೇ ನಮಗೆ ಮರಳುಗಾಡು ನೆನಪಾಗುತ್ತೆ. ಎರಡನೇ ಮಹಾಯುದ್ಧಕ್ಕೆ ಮೊದಲು ಹಾಗಿರಲಿಲ್ಲ. ಆಗ ಜಗತ್ತಿನ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಅಮೆರಿಕ ಒಂದೇ ತೆಗೆಯುತ್ತಿತ್ತು. ಟೆಕ್ಸಾಸ್ ಪಕ್ಕದ ಮೆಕ್ಸಿಕೋ ಕೊಲ್ಲಿಯ ಬಂದರುಗಳಿಂದ ಅದು ಹಡಗು ಹತ್ತುತ್ತಿತ್ತು.

ಆಗಿನ ದೊಡ್ಡ ತೈಲ ಕಂಪನಿಗಳು ಒಂದು ಪದ್ಧತಿ ಇಟ್ಟುಕೊಂಡಿದ್ದವು. ತೈಲ ಎಲ್ಲಿಂದಲೇ ಬರಲಿ, ಬೆಲೆ ಮಾತ್ರ ಮೆಕ್ಸಿಕೋ ಕೊಲ್ಲಿಯ ಬೆಲೆ, ಅದರ ಮೇಲೆ ಅಲ್ಲಿಂದ ನಿಮ್ಮ ಬಂದರಿಗೆ ಹಡಗಿನ ಬಾಡಿಗೆ. ಇರಾನ್‌ನ ಅಬಾದಾನ್‌ನಲ್ಲಿ ಸಂಸ್ಕರಿಸಿದ ತೈಲವನ್ನು ಪಕ್ಕದ ಊರಿನವನು ಕೊಂಡರೂ, ಅದು ಅರ್ಧ ಜಗತ್ತು ಸುತ್ತಿ ಬಂದಂತೆ ಬಾಡಿಗೆ ಕಟ್ಟಬೇಕು! ಯುದ್ಧದ ಸಮಯದಲ್ಲಿ ಬ್ರಿಟಿಷ್ ನೌಕಾಪಡೆಗೇ ಈ ಬಿಲ್ ಬಂತು. ಅವರು ತಕರಾರು ತೆಗೆದ ಮೇಲೆ ಇಲ್ಲದ ಪ್ರಯಾಣದ ಬಾಡಿಗೆ ನಿಂತಿತು. ಆದರೆ ಬೆಲೆಪಟ್ಟಿಯನ್ನು ಡಾಲರ್‌ನಲ್ಲಿ ಬರೆಯುವ ರೂಢಿ ಉಳಿದುಕೊಂಡಿತು.

ಹಾಗಂತ ಎಲ್ಲರೂ ಡಾಲರ್ ನೋಟೇ ಎಣಿಸುತ್ತಿದ್ದರು ಅಂದ್ಕೋಬೇಡಿ. ಬೆಲೆ ಹೇಳುವ ನೋಟು, ದುಡ್ಡು ಕೊಡುವ ನೋಟು ಎರಡೂ ಬೇರೆ ಬೇರೆ ಆಗಿರಬಹುದು. ಬ್ರಿಟಿಷ್ ಕಂಪನಿಗಳು ತಮ್ಮ ಹಳೆಯ ವಸಾಹತುಗಳಿಗೆ ಪೌಂಡ್‌ನಲ್ಲಿ ತೈಲ ಮಾರುತ್ತಿದ್ದವು. ಭಾರತವೂ ಆ ಪೌಂಡ್ ವಲಯದಲ್ಲೇ ಇತ್ತು.

ಆದರೆ ಪೌಂಡ್ ದಣಿದಿತ್ತು. 1949ರಲ್ಲಿ ಒಮ್ಮೆ, 1967ರಲ್ಲಿ ಇನ್ನೊಮ್ಮೆ ಅದರ ಬೆಲೆ ಇಳಿಯಿತು. ಗಲ್ಫ್ ರೂಪಾಯಿ ಇಟ್ಟುಕೊಂಡವನಿಗೆ ಆದದ್ದೇ ಪೌಂಡ್ ಇಟ್ಟುಕೊಂಡವನಿಗೂ ಆಯಿತು. ಡಾಲರ್‌ಗೆ ಆಗ ಒಂದು ವಿಶೇಷ ಬಲ ಇತ್ತು. ಬೇರೆ ದೇಶದ ಕೇಂದ್ರ ಬ್ಯಾಂಕ್ ಕೇಳಿದರೆ 35 ಡಾಲರ್‌ಗೆ ಒಂದು ಔನ್ಸ್ ಚಿನ್ನ ಕೊಡ್ತೀವಿ ಅಂತ ಅಮೆರಿಕ ಮಾತು ಕೊಟ್ಟಿತ್ತು.

ಆ ಮಾತು ಮುರಿದ ದಿನ ಏನಾಗಬೇಕಿತ್ತು? ತೈಲ ದೇಶಗಳು ಡಾಲರ್ ಬಿಟ್ಟು ಓಡಬೇಕಿತ್ತು ಅಲ್ವಾ?

👉 ಓಡಲು ನೋಡಿದವು. ಮುಂದೆ ಓದಿ

4/9 📉 ಡಾಲರ್ ಬಿಡಲು ಹೊರಟ ಒಪೆಕ್

1971ರ ಆಗಸ್ಟ್ 15. ಅಧ್ಯಕ್ಷ ನಿಕ್ಸನ್ ಟಿವಿಯಲ್ಲಿ ಬಂದು, ಇನ್ನು ಡಾಲರ್‌ಗೆ ಚಿನ್ನ ಕೊಡುವುದಿಲ್ಲ ಅಂದರು. ಡಾಲರ್‌ನ ಬೆಲೆ ಇಳಿಯತೊಡಗಿತು.

ತೈಲ ಮಾರುವವರ ಜಾಗದಲ್ಲಿ ನಿಂತು ಯೋಚಿಸಿ. ನಿಮ್ಮ ಬೆಲೆಪಟ್ಟಿ ಡಾಲರ್‌ನಲ್ಲಿದೆ. ನೀವು ಕೊಳ್ಳುವ ಯಂತ್ರ ಜರ್ಮನಿಯದ್ದು, ಕಾರು ಜಪಾನಿನದ್ದು. ಡಾಲರ್ ಇಳಿದರೆ ಅಷ್ಟೇ ತೈಲಕ್ಕೆ ಕಡಿಮೆ ಯಂತ್ರ ಸಿಗುತ್ತೆ. ತೈಲ ರಫ್ತು ದೇಶಗಳ ಒಕ್ಕೂಟ ಒಪೆಕ್ ಸುಮ್ಮನೆ ಕೂರಲಿಲ್ಲ. 1972ರ ಜನವರಿಯಲ್ಲಿ ಜಿನೀವಾದಲ್ಲಿ ಕಂಪನಿಗಳ ಜೊತೆ ಕೂತು, ಡಾಲರ್ ಇಳಿದದ್ದಕ್ಕೆ ಪರಿಹಾರವಾಗಿ ಬೆಲೆಯನ್ನು ಶೇಕಡಾ 8.49ರಷ್ಟು ಏರಿಸಿಕೊಂಡಿತು. 1973ರಲ್ಲಿ ಡಾಲರ್ ಮತ್ತೆ ಇಳಿದಾಗ ಮತ್ತೆ ಏರಿಸಿಕೊಂಡಿತು.

ಆಮೇಲೆ 1973ರ ಅಕ್ಟೋಬರ್ ಯುದ್ಧ. ಬ್ಯಾರೆಲ್‌ಗೆ ಸುಮಾರು 3 ಡಾಲರ್ ಇದ್ದ ಘೋಷಿತ ಬೆಲೆ 1974ರ ಜನವರಿ 1ಕ್ಕೆ 11.65 ಡಾಲರ್ ಆಯಿತು. ಮೂರು ತಿಂಗಳೊಳಗೆ ಸುಮಾರು ನಾಲ್ಕು ಪಟ್ಟು.

ಈಗ ತುಂಬಾ ಜನಕ್ಕೆ ಗೊತ್ತಿಲ್ಲದ ಭಾಗ. 1975ರ ಜೂನ್‌ನಲ್ಲಿ ಗಬಾನ್ ದೇಶದ ಲಿಬ್ರವಿಲ್‌ನಲ್ಲಿ ಒಪೆಕ್ ಸಭೆ ಸೇರಿ, ಇನ್ನು ಮುಂದೆ ತೈಲದ ಬೆಲೆಯನ್ನು ಡಾಲರ್‌ನಲ್ಲಿ ಹೇಳುವುದು ಬೇಡ ಅಂತ ತೀರ್ಮಾನ ಮಾಡ್ತು. ಅದರ ಬದಲು ಐಎಂಎಫ್‌ನ ಎಸ್‌ಡಿಆರ್. ಅದು ನೋಟಲ್ಲ, ಹಲವು ದೇಶಗಳ ಹಣವನ್ನು ಒಂದು ಬುಟ್ಟಿಗೆ ಹಾಕಿ ಮಾಡಿದ ಲೆಕ್ಕದ ಘಟಕ. ಒಂದು ಹಣ ಇಳಿದರೆ ಇನ್ನೊಂದು ತಡೆಯುತ್ತೆ ಅನ್ನೋ ಯೋಚನೆ.

ತೀರ್ಮಾನ ಆಯಿತು. ಜಾರಿ ಆಗಲೇ ಇಲ್ಲ. ಆ ವರ್ಷದ ಕೊನೆಯ ಭಾಗದಲ್ಲಿ ಡಾಲರ್ ಚೇತರಿಸಿಕೊಂಡಿತು, ಆತುರ ಕಡಿಮೆಯಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಅತಿ ದೊಡ್ಡ ಮಾರಾಟಗಾರ ಸೌದಿ ಅರೇಬಿಯಾಕ್ಕೆ ಅದರಲ್ಲಿ ಉತ್ಸಾಹ ಇರಲಿಲ್ಲ.

ಯಾಕಿರಲಿಲ್ಲ ಅಂತ ತಿಳಿಯಲು ಒಂದು ವರ್ಷ ಹಿಂದಕ್ಕೆ ಹೋಗಬೇಕು.

👉 1974ರ ಬೇಸಿಗೆ

5/9 🤫 ಸೈಮನ್ ಸಾಹೇಬರ ಸೌದಿ ಪ್ರಯಾಣ

1974ರ ಜುಲೈನಲ್ಲಿ ಅಮೆರಿಕದ ಖಜಾನೆ ಕಾರ್ಯದರ್ಶಿ ವಿಲಿಯಂ ಸೈಮನ್ ಸೌದಿಗೆ ಹೋದರು. ಸರ್ಕಾರಕ್ಕೆ ಬರುವ ಮೊದಲು ಅವರು ವಾಲ್ ಸ್ಟ್ರೀಟ್‌ನಲ್ಲಿ ಸರ್ಕಾರಿ ಬಾಂಡ್ ಮಾರುತ್ತಿದ್ದವರು. ಅಂದ್ರೆ ಸಾಲಪತ್ರ ಮಾರೋದೇ ಅವರ ಕಸುಬು.

ಎರಡೂ ಕಡೆ ಒಂದೊಂದು ಸಮಸ್ಯೆ ಇತ್ತು. ಅಮೆರಿಕಕ್ಕೆ ತೈಲದ ಬಿಲ್ ಏರಿತ್ತು, ಸರ್ಕಾರದ ಕೊರತೆ ತುಂಬಲು ಸಾಲ ಬೇಕಿತ್ತು. ಸೌದಿಗೆ ಉಲ್ಟಾ ಸಮಸ್ಯೆ. ದುಡ್ಡು ಎಷ್ಟು ವೇಗವಾಗಿ ಬರುತ್ತಿತ್ತು ಅಂದರೆ ರಸ್ತೆ, ಬಂದರು, ಆಸ್ಪತ್ರೆ ಎಲ್ಲ ಕಟ್ಟಿದರೂ ಮುಗಿಯದಷ್ಟು. ಉಳಿದದ್ದನ್ನು ಎಲ್ಲಿಡೋದು?

ಆಗ ಒಂದು ಏರ್ಪಾಡಾಯಿತು. ಸೌದಿ ತನ್ನ ಉಳಿಕೆ ಹಣದಲ್ಲಿ ಅಮೆರಿಕ ಸರ್ಕಾರದ ಸಾಲಪತ್ರ ಕೊಳ್ಳುವುದು. ಎಲ್ಲರ ಕಣ್ಣಿಗೆ ಬೀಳುವ ಸಾಮಾನ್ಯ ಹರಾಜಿನಲ್ಲಿ ಅಲ್ಲ, ಅದರ ಹೊರಗೆ, ಸದ್ದಿಲ್ಲದೆ. ಅಮೆರಿಕದ ಕಡೆಯಿಂದ ಸೇನಾ ಸಾಮಗ್ರಿ ಮತ್ತು ನೆರವು. ಇಸ್ರೇಲ್‌ಗೆ ಬೆಂಬಲ ಕೊಡುವ ದೇಶಕ್ಕೆ ಸಾಲ ಕೊಟ್ಟದ್ದು ಅರಬ್ ಬೀದಿಗಳಿಗೆ ಗೊತ್ತಾದರೆ ಕಷ್ಟ, ಹಾಗಾಗಿ ದೊರೆ ಫೈಸಲ್ ಗುಟ್ಟು ಕಾಯಲು ಹೇಳಿದ್ದರು. ಸೌದಿ ಕೈಯಲ್ಲಿ ಎಷ್ಟು ಸಾಲಪತ್ರ ಇದೆ ಅನ್ನೋ ಲೆಕ್ಕವನ್ನು ಅಮೆರಿಕ ದಶಕಗಟ್ಟಲೆ "ತೈಲ ರಫ್ತು ದೇಶಗಳು" ಅನ್ನೋ ಒಂದೇ ಸಾಲಿನಲ್ಲಿ ಸೇರಿಸಿ ಮುಚ್ಚಿಟ್ಟಿತು. 2016ರ ಮೇನಲ್ಲಿ ಮೊದಲ ಸಲ ಬಿಡಿಯಾಗಿ ಹೊರಬಂತು: ಸುಮಾರು 117 ಬಿಲಿಯನ್ ಡಾಲರ್.

ಹಾಗಾದ್ರೆ ರಹಸ್ಯ ಒಪ್ಪಂದ ಇತ್ತು ಅಂತಾಯ್ತಲ್ಲ? ಸ್ವಲ್ಪ ತಡೀರಿ. ಗುಟ್ಟು ಇದ್ದದ್ದು ಉಳಿತಾಯವನ್ನು ಎಲ್ಲಿಡಬೇಕು ಅನ್ನೋದರ ಬಗ್ಗೆ. ತೈಲವನ್ನು ಡಾಲರ್‌ನಲ್ಲೇ ಮಾರಬೇಕು ಅಂತ 1974ರಲ್ಲಿ ಹೊಸದಾಗಿ ಹೇಳುವ ಅಗತ್ಯವೇ ಇರಲಿಲ್ಲ, ಬೆಲೆಪಟ್ಟಿ ಮೊದಲಿನಿಂದಲೂ ಹಾಗೇ ಇತ್ತು.

2024ರ ಜೂನ್‌ನಲ್ಲಿ "50 ವರ್ಷದ ಪೆಟ್ರೋಡಾಲರ್ ಒಪ್ಪಂದ ಇವತ್ತಿಗೆ ಮುಗೀತು, ಡಾಲರ್ ಕಥೆ ಮುಗೀತು" ಅನ್ನೋ ಫಾರ್ವರ್ಡ್ ನಿಮಗೂ ಬಂದಿರಬಹುದು. 1974ರ ಜೂನ್ 8ರಂದು ಸಹಿಯಾದದ್ದು ಎರಡು ದೇಶಗಳ ಆರ್ಥಿಕ ಸಹಕಾರ ಆಯೋಗದ ಪತ್ರ. 50 ವರ್ಷ ತೈಲವನ್ನು ಡಾಲರ್‌ನಲ್ಲೇ ಮಾರಬೇಕು ಅನ್ನೋ ಷರತ್ತು ಅದರಲ್ಲಿ ಇರಲಿಲ್ಲ. ಆ ದಿನ ಕಳೆದ ಮೇಲೂ ಸೌದಿ ತೈಲದ ಬೆಲೆ ಡಾಲರ್‌ನಲ್ಲೇ ಮುಂದುವರಿಯಿತು.

👉 ಒಪ್ಪಂದ ಇಲ್ಲದಿದ್ದರೆ ಇನ್ನೇನು ಹಿಡಿದಿಟ್ಟಿದೆ?

6/9 🪙 ಮಾರುವವನ ಮೂರು ಪ್ರಶ್ನೆಗಳು

ಇಡೀ ಸರಣಿಯ ಮುಖ್ಯ ಮಾತು ಈ ಪೋಸ್ಟ್‌ನಲ್ಲಿದೆ.

ನೀವು ಅಡಿಕೆ ಮಾರೋಕೆ ಮಂಡಿಗೆ ಹೋಗಿದ್ದೀರಿ. ಸಾಹುಕಾರ ನೋಟಿನ ಬದಲು ಒಂದು ಕೂಪನ್ ಕೊಡ್ತಾನೆ. "ಇದು ನಮ್ಮ ಅಂಗಡಿಯಲ್ಲಿ ಮಾತ್ರ ನಡೆಯುತ್ತೆ" ಅಂತಾನೆ. ತಗೋತೀರಾ? ಮೊದಲು ಅವನ ಅಂಗಡಿಯಲ್ಲಿ ಏನೇನಿದೆ ಅಂತ ನೋಡ್ತೀರಿ. ನಿಮಗೆ ಬೇಕಾದದ್ದೆಲ್ಲ ಇದ್ದರೆ ಸರಿ. ಇಲ್ಲದಿದ್ದರೆ ನೋಟೇ ಕೊಡು ಅಂತೀರಿ.

ತೈಲ ಮಾರುವ ದೇಶವೂ ಇಷ್ಟೇ ಯೋಚಿಸುತ್ತೆ. ಅದರದ್ದು ಮೂರು ಪ್ರಶ್ನೆ. ಈ ಹಣದಿಂದ ನನಗೆ ಬೇಕಾದದ್ದನ್ನು ಎಲ್ಲಿಂದಲಾದರೂ ಕೊಳ್ಳಬಹುದಾ? ಉಳಿದದ್ದನ್ನು ನೂರಾರು ಬಿಲಿಯನ್ ಲೆಕ್ಕದಲ್ಲಿ ಬಡ್ಡಿಗೆ ಹಾಕಲು ಜಾಗ ಇದೆಯಾ? ಬೇಕಾದ ದಿನ, ಬೆಲೆ ಕುಸಿಯದಂತೆ, ಯಾರ ಅನುಮತಿಯೂ ಇಲ್ಲದೆ ವಾಪಸ್ ತೆಗೆಯಬಹುದಾ?

ರೂಪಾಯಿಗೆ ಮೂರನೇ ಪ್ರಶ್ನೆಯಲ್ಲಿ ತೊಡಕು. ಹೊರಗಿನವರು ನಮ್ಮ ಬಾಂಡ್ ಎಷ್ಟು ಕೊಳ್ಳಬಹುದು, ಹಣವನ್ನು ಹೇಗೆ ಒಯ್ಯಬಹುದು ಅನ್ನೋದಕ್ಕೆ ನಿಯಮಗಳಿವೆ. ಚೀನಾದ ಅಂಗಡಿಯಲ್ಲಿ ಸಿಗದ ಸಾಮಾನಿಲ್ಲ, ಆದರೆ ಬಾಗಿಲಲ್ಲಿ ಕಾವಲಿದೆ, ಹಣ ಹೊರಗೆ ಒಯ್ಯಲು ನಿರ್ಬಂಧ ಇದೆ. ಶಾಂಘೈನಲ್ಲಿ 2018ರಿಂದ ಯುವಾನ್‌ನಲ್ಲಿ ತೈಲದ ವಾಯಿದೆ ವ್ಯಾಪಾರ ನಡೀತಿದ್ದರೂ ಜಗತ್ತಿನ ಬೆಲೆ ಅಲ್ಲಿಗೆ ಸರಿದಿಲ್ಲ. ಯೂರೋಗೆ ಬಾಗಿಲು ತೆರೆದಿದೆ, ಆದರೆ ಸಾಲಪತ್ರ ಒಂದೊಂದು ದೇಶದ್ದು ಒಂದೊಂದು, ಅಮೆರಿಕದ್ದರಷ್ಟು ದೊಡ್ಡ ಒಂದೇ ಸಂತೆ ಇಲ್ಲ. ಡಾಲರ್‌ಗೆ ಮೂರಕ್ಕೂ ಉತ್ತರ ಹೌದು. ಅಮೆರಿಕ ಸಿಟ್ಟಾಗದಿದ್ದರೆ ಮಾತ್ರ, ಆ ಷರತ್ತನ್ನು ಎಂಟನೇ ಪೋಸ್ಟ್‌ನಲ್ಲಿ ನೋಡೋಣ.

ಇದರ ಮೇಲೆ ಅಭ್ಯಾಸದ ಬಲ ಸೇರುತ್ತೆ. ಬ್ರೆಂಟ್, ದುಬೈ ಮುಂತಾದ ಮಾನದಂಡದ ಬೆಲೆಗಳು ಡಾಲರ್‌ನಲ್ಲಿ. ಹಡಗಿನ ಬಾಡಿಗೆ ಡಾಲರ್‌ನಲ್ಲಿ. ಬೆಲೆ ಏರಿಳಿತದಿಂದ ತಪ್ಪಿಸಿಕೊಳ್ಳುವ ವಾಯಿದೆ ಕರಾರು ಡಾಲರ್‌ನಲ್ಲಿ. ಎಲ್ಲರೂ ಡಾಲರ್‌ನಲ್ಲಿ ಮಾಡೋದರಿಂದ ಡಾಲರ್‌ನಲ್ಲಿ ಮಾಡೋದೇ ಅಗ್ಗ. ತಾಮ್ರ, ಗೋಧಿ, ಚಿನ್ನ, ಕಾಫಿ ಎಲ್ಲದರದ್ದೂ ಇದೇ ಕಥೆ. ಅಪವಾದಗಳೂ ಇವೆ. ಮಲೇಷ್ಯಾದ ತಾಳೆ ಎಣ್ಣೆಯ ವಾಯಿದೆ ಬೆಲೆ ಅವರದೇ ರಿಂಗಿಟ್‌ನಲ್ಲಿದೆ, ಲಂಡನ್ನಿನ ಕೋಕೋ ಪೌಂಡ್‌ನಲ್ಲಿದೆ. ಯಾವ ಕಾನೂನೂ ಅವರನ್ನು ತಡೆದಿಲ್ಲ.

👉 ಈಗ ಕೊಳ್ಳುವವರ ಕಡೆಗೆ ಬರೋಣ

7/9 🚢 ಒಂದು ಹಡಗು, ಒಂದು ರೂಪಾಯಿ, 16 ಕೋಟಿ

ದೊಡ್ಡ ತೈಲ ಹಡಗೊಂದರಲ್ಲಿ ಸುಮಾರು 20 ಲಕ್ಷ ಬ್ಯಾರೆಲ್ ಹಿಡಿಯುತ್ತೆ. ಬ್ಯಾರೆಲ್‌ಗೆ 80 ಡಾಲರ್ ಅಂದ್ಕೊಳ್ಳಿ. ಒಂದು ಹಡಗಿನ ಬಿಲ್ 16 ಕೋಟಿ ಡಾಲರ್. ಕಂಪನಿ ತನ್ನ ಬ್ಯಾಂಕಿಗೆ ರೂಪಾಯಿ ಕೊಡುತ್ತೆ, ಬ್ಯಾಂಕ್ ಮಾರುಕಟ್ಟೆಯಲ್ಲಿ ಡಾಲರ್ ಕೊಳ್ಳುತ್ತೆ, ಹಣ ನ್ಯೂಯಾರ್ಕ್‌ನ ಬ್ಯಾಂಕ್ ಖಾತೆಗಳ ಮೂಲಕ ಮಾರಿದವನಿಗೆ ಸೇರುತ್ತೆ. ಹಡಗು ಬರೋದರೊಳಗೆ ಡಾಲರ್ ಒಂದೇ ಒಂದು ರೂಪಾಯಿ ಏರಿದರೂ ಆ ಒಂದು ಹಡಗಿಗೆ 16 ಕೋಟಿ ರೂಪಾಯಿ ಹೆಚ್ಚು. ಭಾರತ ದಿನಕ್ಕೆ 45 ಲಕ್ಷ ಬ್ಯಾರೆಲ್‌ಗೂ ಹೆಚ್ಚು ಆಮದು ಮಾಡುತ್ತೆ, ಅಂದ್ರೆ ದಿನಕ್ಕೆ ಇಂಥ ಎರಡು ಹಡಗಿಗಿಂತ ಹೆಚ್ಚು.

ರೂಪಾಯಿ ಇದ್ದರೆ ಸಾಲದು, ಡಾಲರ್ ಇರಲೇಬೇಕು. ಇದು ಎಷ್ಟು ಕಠಿಣ ಅಂತ ನಮಗೆ ಗೊತ್ತಾದದ್ದು 1990-91ರಲ್ಲಿ.

1990ರ ಆಗಸ್ಟ್ 2ರಂದು ಇರಾಕ್ ಕುವೈತ್‌ನೊಳಗೆ ನುಗ್ಗಿತು. ಜುಲೈನಲ್ಲಿ 17 ಡಾಲರ್ ಆಸುಪಾಸಿನಲ್ಲಿದ್ದ ತೈಲ ಅಕ್ಟೋಬರ್ ಹೊತ್ತಿಗೆ 40 ಮುಟ್ಟಿತು. ಅದೇ ಹೊತ್ತಿಗೆ ಡಾಲರ್ ಬರುವ ದಾರಿಯೂ ಮುಚ್ಚಿತು. ಅಲ್ಲಿ ದುಡಿಯುತ್ತಿದ್ದ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರು ಎಲ್ಲವನ್ನೂ ಬಿಟ್ಟು ವಿಮಾನ ಹತ್ತಬೇಕಾಯಿತು. ನಮ್ಮ ಕರಾವಳಿಯ ಮನೆಗಳಿಗೆ, ಕೇರಳದ ಮನೆಗಳಿಗೆ ಬರುತ್ತಿದ್ದ ಹಣ ನಿಂತಿತು. ಒಂದೇ ಯುದ್ಧ ಎರಡು ಕಡೆಯಿಂದ ಹೊಡೆಯಿತು.

ಮೊದಲೇ ಸಾಲದ ಹೊರೆ ಇತ್ತು, ಕೊಟ್ಟವರು ಸಾಲ ನವೀಕರಿಸಲು ಹಿಂಜರಿದರು. 1991ರ ಜೂನ್ ಹೊತ್ತಿಗೆ ಕೈಯಲ್ಲಿದ್ದ ವಿದೇಶಿ ಹಣ ಸುಮಾರು 1.1 ಬಿಲಿಯನ್ ಡಾಲರ್. ಸುಮಾರು ಎರಡು ವಾರದ ಆಮದಿಗೆ ಸಾಲುವಷ್ಟು.

ಆಗ ಮನೆಯವರು ಮಾಡೋದನ್ನೇ ದೇಶವೂ ಮಾಡ್ತು. ಚಿನ್ನ ತೆಗೆಯಿತು. ಮೇ ತಿಂಗಳಲ್ಲಿ 20 ಟನ್ ಚಿನ್ನವನ್ನು, ಮತ್ತೆ ಕೊಳ್ಳುವ ಹಕ್ಕಿಟ್ಟುಕೊಂಡು, ವಿದೇಶದಲ್ಲಿ ಮಾರಲಾಯಿತು. ಅದು ಕಳ್ಳಸಾಗಣೆದಾರರಿಂದ ಸರ್ಕಾರ ವಶಪಡಿಸಿಕೊಂಡಿದ್ದ ಚಿನ್ನ! ಹಿಂದೆ ಯಾವ ಕಳ್ಳದಾರಿ ನಮ್ಮ ವಿನಿಮಯವನ್ನು ಸೋರಿಸಿತ್ತೋ, ಅಂಥದ್ದೇ ದಾರಿಯಲ್ಲಿ ಬಂದ ಚಿನ್ನ ಈಗ ಡಾಲರ್ ತಂದಿತು. ಜುಲೈನಲ್ಲಿ ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ನಲ್ಲಿ ಅಡವಿಟ್ಟು ಸುಮಾರು 400 ಮಿಲಿಯನ್ ಡಾಲರ್ ತರಲಾಯಿತು. ಜುಲೈ 1 ಮತ್ತು 3ರಂದು ರೂಪಾಯಿಯನ್ನು ಎರಡು ಹೆಜ್ಜೆಯಲ್ಲಿ ಇಳಿಸಲಾಯಿತು, ಡಾಲರ್‌ಗೆ 21 ಇದ್ದದ್ದು 26ರ ಹತ್ತಿರ ಬಂತು.

ತೈಲದ ಬಿಲ್ ರೂಪಾಯಿಯಲ್ಲಿದ್ದಿದ್ದರೆ ಹಣದುಬ್ಬರ ಬರುತ್ತಿತ್ತು, ಕಷ್ಟ ಆಗುತ್ತಿತ್ತು. ಆದರೆ ಚಿನ್ನ ವಿಮಾನ ಹತ್ತುತ್ತಿರಲಿಲ್ಲ.

👉 ಹಾಗಾದ್ರೆ ರೂಪಾಯಿಯಲ್ಲೇ ಕೊಳ್ಳಬಾರದಾ?

8/9 🇮🇳 ರೂಪಾಯಿ ಕೊಟ್ಟು ನೋಡಿದ ಎರಡು ಸಲ

ಪ್ರಯತ್ನ ಆಗಿದೆ. ಎರಡು ಸಲ, ಎರಡು ಬೇರೆ ಫಲಿತಾಂಶ.

ಮೊದಲನೆಯದು ಇರಾನ್. ಅಮೆರಿಕದ ನಿರ್ಬಂಧದಿಂದ ಇರಾನ್‌ಗೆ ಡಾಲರ್ ಕೊಡುವ ದಾರಿ ಮುಚ್ಚಿದಾಗ, 2012ರಲ್ಲಿ ಒಂದು ವ್ಯವಸ್ಥೆ ಆಯಿತು. ತೈಲದ ಬಿಲ್‌ನ ಶೇಕಡಾ 45 ಭಾಗ ಕೋಲ್ಕತ್ತದ ಯೂಕೋ ಬ್ಯಾಂಕಿನ ಖಾತೆಗೆ ರೂಪಾಯಿಯಲ್ಲಿ. ಇರಾನ್ ಆ ರೂಪಾಯಿಯಿಂದ ನಮ್ಮ ಬಾಸ್ಮತಿ ಅಕ್ಕಿ, ಚಹಾ, ಔಷಧ ಕೊಂಡಿತು. ಅದಕ್ಕೆ ಬೇರೆ ಅಂಗಡಿಗಳ ಬಾಗಿಲು ಮುಚ್ಚಿತ್ತು, ನಮ್ಮ ಅಂಗಡಿಯಲ್ಲಿ ಬೇಕಾದದ್ದು ಒಂದಿಷ್ಟು ಇತ್ತು. ಹಾಗಾಗಿ ಕೂಪನ್ ನಡೆಯಿತು.

ಎರಡನೆಯದು ರಷ್ಯಾ. 2022ರಲ್ಲಿ ಪಶ್ಚಿಮದ ದೇಶಗಳು ರಷ್ಯಾದ ಕೇಂದ್ರ ಬ್ಯಾಂಕಿನ ಹಣವನ್ನೇ ತಡೆಹಿಡಿದವು. "ಬೇಕಾದ ದಿನ ತೆಗೆಯಬಹುದಾ?" ಅನ್ನೋ ಮೂರನೇ ಪ್ರಶ್ನೆಗೆ ಡಾಲರ್‌ನ ಉತ್ತರವೂ "ನಾವು ಒಪ್ಪಿದರೆ" ಅಂತ ಜಗತ್ತಿಗೆ ಗೊತ್ತಾದದ್ದು ಆಗ. ರಷ್ಯಾ ರಿಯಾಯಿತಿಯಲ್ಲಿ ತೈಲ ಕೊಟ್ಟಿತು, ನಾವು ಧಾರಾಳವಾಗಿ ಕೊಂಡೆವು. 2022ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ವಿದೇಶ ವ್ಯಾಪಾರವನ್ನು ರೂಪಾಯಿಯಲ್ಲಿ ಮಾಡಲು ವ್ಯವಸ್ಥೆಯನ್ನೂ ತಂದಿತು.

ಎಲ್ಲಿ ಸಿಕ್ಕಿಹಾಕಿಕೊಂಡಿತು ಗೊತ್ತಾ? 2022-23ರ ಆರ್ಥಿಕ ವರ್ಷದಲ್ಲಿ ನಾವು ರಷ್ಯಾದಿಂದ ಕೊಂಡದ್ದು ಸುಮಾರು 46 ಬಿಲಿಯನ್ ಡಾಲರ್ ಮೌಲ್ಯದ್ದು. ಮಾರಿದ್ದು ಸುಮಾರು 3 ಬಿಲಿಯನ್. ಅಷ್ಟೂ ರೂಪಾಯಿಯಲ್ಲಿ ಕೊಟ್ಟಿದ್ದರೆ, 46 ರೂಪಾಯಿ ಪಡೆದವನು 3 ರೂಪಾಯಿಯ ಸಾಮಾನು ಕೊಂಡು, ಉಳಿದ 43 ರೂಪಾಯಿ ಹಿಡಿದುಕೊಂಡು ಕೂರಬೇಕು. 2023ರ ಮೇನಲ್ಲಿ ಗೋವಾಕ್ಕೆ ಬಂದಿದ್ದ ರಷ್ಯಾದ ವಿದೇಶಾಂಗ ಸಚಿವ ಲಾವ್ರೋವ್, ಭಾರತದ ಬ್ಯಾಂಕುಗಳಲ್ಲಿ ಶತಕೋಟಿಗಟ್ಟಲೆ ರೂಪಾಯಿ ಸೇರಿದೆ, ಅದನ್ನು ಬಳಸಬೇಕಾದರೆ ಬೇರೆ ಹಣಕ್ಕೆ ಬದಲಿಸಬೇಕು, ಅದೇ ಸಮಸ್ಯೆ ಅಂತ ಬಹಿರಂಗವಾಗಿಯೇ ಹೇಳಿದರು.

ಆಮೇಲೆ ಹಲವು ಪಾವತಿಗಳು ಯುಎಇಯ ದಿರ್ಹಂನಲ್ಲಿ ಆದವು. ಹೆಸರು ಬೇರೆ, ಆದರೆ ಒಂದು ಡಾಲರ್‌ಗೆ 3.6725 ದಿರ್ಹಂ ಅಂತ ಗಟ್ಟಿಯಾಗಿ ಕಟ್ಟಿಹಾಕಲಾಗಿದೆ. ದಿರ್ಹಂ ಕೊಟ್ಟರೂ ನಮ್ಮ ರೂಪಾಯಿ ಲೆಕ್ಕ ಡಾಲರ್ ಜೊತೆಗೇ ಏರಿಳಿಯುತ್ತೆ.

2023ರ ಆಗಸ್ಟ್‌ನಲ್ಲಿ ಇಂಡಿಯನ್ ಆಯಿಲ್ ಅಬುಧಾಬಿಯಿಂದ 10 ಲಕ್ಷ ಬ್ಯಾರೆಲ್‌ಗೆ ರೂಪಾಯಿಯಲ್ಲೇ ಪಾವತಿ ಮಾಡ್ತು. ಸುದ್ದಿಯೂ ಆಯಿತು. ನಮಗೆ ಅದು ಒಂದು ದಿನದ ಕಾಲು ಭಾಗಕ್ಕಿಂತಲೂ ಕಡಿಮೆ ತೈಲ.

👉 ಕೊನೆಯ ಪೋಸ್ಟ್, ನಮ್ಮ ಕಾಫಿ ತೋಟಕ್ಕೆ

9/9 ☕ ಡಾಲರ್ ಏರಿದಾಗ ನಗುವವರು

ಇಷ್ಟು ಓದಿದ ಮೇಲೆ ಡಾಲರ್ ಬೆಲೆ ಎಲ್ಲರಿಗೂ ಶಾಪ ಅನಿಸಬಹುದು. ಹಾಗಿಲ್ಲ. ಕೊಡಗು, ಚಿಕ್ಕಮಗಳೂರಿನ ಬೆಳೆಗಾರರನ್ನು ಕೇಳಿ ನೋಡಿ.

ಅರೇಬಿಕಾ ಕಾಫಿಯ ಬೆಲೆ ನ್ಯೂಯಾರ್ಕ್‌ನಲ್ಲಿ ಅಮೆರಿಕದ ಸೆಂಟ್‌ಗಳಲ್ಲಿ, ರೊಬಸ್ಟಾದ್ದು ಲಂಡನ್ನಿನಲ್ಲಿ ಟನ್‌ಗೆ ಇಷ್ಟು ಡಾಲರ್ ಅಂತ ಗೊತ್ತಾಗುತ್ತೆ. ರೊಬಸ್ಟಾ ಟನ್‌ಗೆ 4,000 ಡಾಲರ್ ಅಂದ್ಕೊಳ್ಳಿ. ಡಾಲರ್‌ಗೆ 75 ರೂಪಾಯಿ ಇದ್ದರೆ ಅದು 3 ಲಕ್ಷ. 85 ಆದರೆ 3 ಲಕ್ಷ 40 ಸಾವಿರ. ಲಂಡನ್ನಿನಲ್ಲಿ ಬೆಲೆ ಅಲ್ಲಾಡಿಲ್ಲ, ತೋಟದಲ್ಲಿ ಒಂದು ಬೀಜ ಹೆಚ್ಚು ಬಿಟ್ಟಿಲ್ಲ, ಆದರೂ ರೂಪಾಯಿ ಲೆಕ್ಕದಲ್ಲಿ 40 ಸಾವಿರ ಹೆಚ್ಚು. ಅದೇ ಬೆಳೆಗಾರ ಗೊಬ್ಬರ, ಡೀಸೆಲ್ ಕೊಳ್ಳುವಾಗ ಅದರಲ್ಲಿ ಒಂದು ಪಾಲನ್ನು ವಾಪಸ್ ಕೊಡ್ತಾನೆ, ಅದು ಬೇರೆ ಮಾತು.

ಒಂದು ದೇಶ ಡಾಲರ್‌ನಲ್ಲಿ ಮಾರುವುದಕ್ಕಿಂತ ಕೊಳ್ಳುವುದು ಎಷ್ಟು ಹೆಚ್ಚು ಅನ್ನೋದರ ಮೇಲೆ ಅದರ ನೋವು ನಿಂತಿದೆ. ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇಕಡಾ 85ಕ್ಕೂ ಹೆಚ್ಚನ್ನು ಹೊರಗಿನಿಂದ ತರುವ ಭಾರತಕ್ಕೆ ತಕ್ಕಡಿ ಯಾವ ಕಡೆ ವಾಲುತ್ತೆ ಅಂತ ಹೇಳಬೇಕಾಗಿಲ್ಲ.

ಈಗ ಮೊದಲ ಪೋಸ್ಟ್‌ನ ಒಗಟಿಗೆ ಉತ್ತರ. 2008ರಲ್ಲಿ ತೈಲ ಏರುತ್ತಿದ್ದಾಗ ಜಗತ್ತಿನ ಹಲವು ಹಣಗಳೆದುರು ಡಾಲರ್ ದುರ್ಬಲವಾಗಿತ್ತು, ಒಂದು ಯೂರೋಗೆ 1.60 ಡಾಲರ್‌ನ ಹತ್ತಿರ. ತೈಲದ ಏರಿಕೆಯ ಒಂದು ಭಾಗವನ್ನು ಡಾಲರ್‌ನ ಇಳಿಕೆಯೇ ನುಂಗುತ್ತಿತ್ತು. ಹಳೆಯ ವರ್ಷಗಳಲ್ಲಿ ಹಲವು ಸಲ ಹೀಗೇ ಆಗುತ್ತಿತ್ತು. 2022ರಲ್ಲಿ ಆ ಮೆತ್ತೆ ಇರಲಿಲ್ಲ. ಅಮೆರಿಕದ ಕೇಂದ್ರ ಬ್ಯಾಂಕ್ ತನ್ನ ಹಣದುಬ್ಬರ ತಡೆಯಲು ಬಡ್ಡಿ ಏರಿಸಿತು, ಹಣ ಡಾಲರ್ ಕಡೆ ಓಡಿತು, ಜುಲೈ ಹೊತ್ತಿಗೆ ಯೂರೋ ಡಾಲರ್‌ನ ಸಮಕ್ಕೆ ಬಂದು ನಿಂತಿತು. ಇದರ ಜೊತೆಗೆ ಅಮೆರಿಕ ಈಗ ತಾನೇ ಜಗತ್ತಿನ ಅತಿ ದೊಡ್ಡ ತೈಲ ಉತ್ಪಾದಕ. ತೈಲ ಏರಿದರೆ ಅವರಿಗೆ ಮೊದಲಿನಷ್ಟು ಪೆಟ್ಟಿಲ್ಲ. ತೈಲವೂ ಡಾಲರ್‌ವೂ ಒಟ್ಟಿಗೆ ಏರಿದ ವರ್ಷ ನಮ್ಮಂಥವರಿಗೆ ಎರಡು ಸಲ ಏಟು. ವಾಷಿಂಗ್ಟನ್‌ನಲ್ಲಿ ಅವರ ಊರಿನ ಕಾರಣಕ್ಕೆ ಆದ ತೀರ್ಮಾನ, ಬೆಲೆ ಕಟ್ಟಿದ್ದು ನಾವು.

ಹಾಗಾಗಿ ಮುಂದಿನ ಸಲ "ಕಚ್ಚಾ ತೈಲ ಅಗ್ಗವಾಗಿದೆ, ನಮಗೆ ಯಾಕೆ ಇಳಿದಿಲ್ಲ" ಅನ್ನೋ ಚರ್ಚೆ ಶುರುವಾದಾಗ ಎರಡು ಸಂಖ್ಯೆ ನೋಡಿ: ಬ್ಯಾರೆಲ್‌ಗೆ ಎಷ್ಟು ಡಾಲರ್, ಡಾಲರ್‌ಗೆ ಎಷ್ಟು ರೂಪಾಯಿ. ಗುಣಿಸಿ. ತೆರಿಗೆಯ ಜಗಳ ಅದರ ನಂತರ.

ಮತ್ತೆ "ಇನ್ನು ಡಾಲರ್ ಕಥೆ ಮುಗೀತು" ಅನ್ನೋ ಸುದ್ದಿ ಬಂದಾಗ, ಯಾರು ಯಾವ ನೋಟು ಕೊಟ್ಟರು ಅಂತ ಮಾತ್ರ ನೋಡಬೇಡಿ. ಪಡೆದವನು ಆ ನೋಟನ್ನು ಎಲ್ಲಿಟ್ಟ ಅಂತ ನೋಡಿ. ಗಲ್ಫ್ ರೂಪಾಯಿ ಬಿದ್ದದ್ದೂ, ರಷ್ಯಾದ ರೂಪಾಯಿ ಸಿಕ್ಕಿಕೊಂಡದ್ದೂ ಅಲ್ಲೇ.

#ಕನ್ನಡದಲ್ಲಿಇತಿಹಾಸ #ತೈಲ #ಡಾಲರ್ #ರೂಪಾಯಿ